ಖಜಾನೆ ಹುಂಡಿ ಮತ್ತು ಸರ್ಕಾರಿ ಬಾಂಡ್: ನೇರವಾಗಿ ಕೊಳ್ಳುವುದು ಹೇಗೆ, ಬ್ಯಾಂಕ್ ಠೇವಣಿಗೂ ಇದಕ್ಕೂ ಏನು ವ್ಯತ್ಯಾಸ

ನಮ್ಮ ಕುಟುಂಬಗಳಲ್ಲಿ ಕೈಯಲ್ಲಿ ಉಳಿದ ಹಣ ಸಾಮಾನ್ಯವಾಗಿ ಮೂರು ಕಡೆ ಹೋಗುತ್ತದೆ: ಬಂಗಾರ, ಜಾಗ, ಇಲ್ಲವೇ ಬ್ಯಾಂಕಿನ ಎಫ್‌ಡಿ. ಸರ್ಕಾರಕ್ಕೆ ನೇರವಾಗಿ ಸಾಲ ಕೊಟ್ಟು ಬಡ್ಡಿ ಪಡೆಯುವುದು ದೊಡ್ಡ ಬ್ಯಾಂಕುಗಳಿಗೆ, ವಿಮಾ ಕಂಪನಿಗಳಿಗೆ ಮಾತ್ರ ಎಂಬ ಭಾವನೆ ಬಹಳ ಕಾಲ ಇತ್ತು. 2021ರ ನವೆಂಬರ್ 12ರಂದು ಭಾರತೀಯ ರಿಸರ್ವ್ ಬ್ಯಾಂಕಿನ ‘ರಿಟೇಲ್ ಡೈರೆಕ್ಟ್’ ಯೋಜನೆ ಆರಂಭವಾದ ಮೇಲೆ ಆ ಸ್ಥಿತಿ ಬದಲಾಗಿದೆ. ಈಗ 10,000 ರೂಪಾಯಿ ಇರುವ ಯಾವ ಗೃಹಿಣಿಯೂ, ಯಾವ ಚಿಲ್ಲರೆ ವ್ಯಾಪಾರಿಯೂ ಮನೆಯಲ್ಲೇ ಕುಳಿತು ಸರ್ಕಾರದ ಸಾಲಪತ್ರ ಕೊಳ್ಳಬಹುದು. ಮಧ್ಯವರ್ತಿ ಬೇಡ, ಕಮಿಷನ್ ಇಲ್ಲ.

ಆದರೆ ಇದು ಎಫ್‌ಡಿಯ ಇನ್ನೊಂದು ಹೆಸರಲ್ಲ. ಎರಡರ ಸ್ವಭಾವವೂ ಬೇರೆ. ಆ ವ್ಯತ್ಯಾಸ ತಿಳಿಯದೆ ಹಣ ಹಾಕಿದರೆ ಬೇಕಾದ ಹೊತ್ತಿಗೆ ಹಣ ಕೈಗೆ ಸಿಗದೆ ಪೇಚಾಡಬೇಕಾಗುತ್ತದೆ. ಹಾಗಾಗಿ ಮೊದಲು ವಸ್ತು ಏನು ಎಂದು ನೋಡಿ, ಆಮೇಲೆ ಕೊಳ್ಳುವ ದಾರಿ ನೋಡೋಣ.

ಖಜಾನೆ ಹುಂಡಿ ಎಂದರೇನು

ನಮ್ಮ ಹಿರಿಯರಿಗೆ ಮುದ್ದತಿ ಹುಂಡಿ ಗೊತ್ತಿತ್ತು. ಮೂರು ತಿಂಗಳ ನಂತರ ನೂರು ರೂಪಾಯಿ ಕೊಡುತ್ತೇನೆ ಎಂದು ಬರೆದ ಹುಂಡಿಯನ್ನು ಇಂದು ವಟ್ಟ ಕಳೆದು ತೊಂಬತ್ತೆಂಟಕ್ಕೆ ಕೊಳ್ಳುತ್ತಿದ್ದರು. ಮುದ್ದತಿನ ದಿನ ಪೂರ್ತಿ ನೂರು ಕೈಗೆ ಬರುತ್ತಿತ್ತು. ಬಡ್ಡಿ ಎಂದು ಬೇರೆ ಲೆಕ್ಕವಿರಲಿಲ್ಲ. ಎರಡು ರೂಪಾಯಿ ವಟ್ಟವೇ ಲಾಭ.

ಕೇಂದ್ರ ಸರ್ಕಾರದ ಟ್ರೆಜರಿ ಬಿಲ್ ಕೂಡ ಇದೇ. ಕನ್ನಡದ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಅದನ್ನು ‘ಖಜಾನೆ ಹುಂಡಿ’ ಎಂದೇ ಕರೆಯುತ್ತಾರೆ. ಹುಂಡಿ ಬರೆದುಕೊಟ್ಟವರು ಭಾರತ ಸರ್ಕಾರ. ಮುದ್ದತು ಮೂರು ಬಗೆ: 91 ದಿನ, 182 ದಿನ, 364 ದಿನ. ಈ ಅಂಕಿಗಳಲ್ಲಿ ಒಂದು ಅನುಕೂಲವಿದೆ. ಏಳರಿಂದ ಭಾಗಿಸಿದರೆ 13 ವಾರ, 26 ವಾರ, 52 ವಾರ. ಗುರುವಾರ ಕೈಗೆ ಬಂದ ಹುಂಡಿ ಗುರುವಾರವೇ ಮುಗಿಯುತ್ತದೆ. ಕ್ಯಾಲೆಂಡರಿನಲ್ಲಿ ವಾರ ಎಣಿಸಿದರೆ ಹಣ ಬರುವ ದಿನ ತಿಳಿಯಿತು.

ಬೆಲೆಯ ಲೆಕ್ಕವೂ ಸರಳ. ಪ್ರತಿ 100 ರೂಪಾಯಿಯ ಹುಂಡಿಗೆ ಈ ಸೂತ್ರ:

```
ಬೆಲೆ = 100 ÷ (1 + ವಾರ್ಷಿಕ ದರ × ದಿನಗಳು ÷ 365)
```

ದರ ಶೇ. 5.50 ಇದೆ ಎಂದುಕೊಳ್ಳಿ. ಇದು ಉದಾಹರಣೆಗೆ ಮಾತ್ರ, ನಿಜವಾದ ದರ ವಾರ ವಾರಕ್ಕೂ ಬದಲಾಗುತ್ತದೆ. 91 ದಿನದ ಹುಂಡಿಯ ಬೆಲೆ 98.6473 ರೂಪಾಯಿ ಆಗುತ್ತದೆ. ಅಂದರೆ 1 ಲಕ್ಷದ ಹುಂಡಿಗೆ ಇಂದು 98,647 ರೂಪಾಯಿ ಕೊಟ್ಟು, 13 ವಾರದ ನಂತರ 1,00,000 ಪಡೆಯುತ್ತೀರಿ. ಲಾಭ 1,353 ರೂಪಾಯಿ. ನಡುವೆ ಬಡ್ಡಿ ಬರುವುದಿಲ್ಲ.

ಸರ್ಕಾರಿ ಬಾಂಡ್ ಎಂದರೇನು

ಒಂದು ವರ್ಷಕ್ಕಿಂತ ದೀರ್ಘ ಸಾಲಕ್ಕೆ ಸರ್ಕಾರ ಬಾಂಡ್ ಹೊರಡಿಸುತ್ತದೆ. ಇವುಗಳಲ್ಲಿ ಬಡ್ಡಿ ಬೇರೆಯಾಗಿ ಬರುತ್ತದೆ, ವರ್ಷಕ್ಕೆ ಎರಡು ಸಲ. ಹೆಸರಿನಲ್ಲೇ ಎಲ್ಲ ವಿವರ ಇರುತ್ತದೆ. ‘7.10% ಜಿಎಸ್ 2034’ ಎಂದರೆ ಮುಖಬೆಲೆಯ ಮೇಲೆ ವರ್ಷಕ್ಕೆ ಶೇ. 7.10 ಬಡ್ಡಿ ಕೊಡುವ, 2034ರಲ್ಲಿ ಅಸಲು ತೀರುವ ಕೇಂದ್ರ ಸರ್ಕಾರದ ಬಾಂಡ್. ಅದರ ಮುದ್ದತು 2034ರ ಏಪ್ರಿಲ್ 8. ಬಡ್ಡಿ ಪ್ರತಿ ವರ್ಷ ಏಪ್ರಿಲ್ 8 ಮತ್ತು ಅಕ್ಟೋಬರ್ 8ಕ್ಕೆ. 1 ಲಕ್ಷದ ಬಾಂಡ್ ಇದ್ದರೆ ಪ್ರತಿ ಸಲ 3,550 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಕರ್ನಾಟಕ ಸರ್ಕಾರ ಸೇರಿದಂತೆ ರಾಜ್ಯ ಸರ್ಕಾರಗಳೂ ಬಾಂಡ್ ಹೊರಡಿಸುತ್ತವೆ. ಅವುಗಳ ದರ ಸಾಮಾನ್ಯವಾಗಿ ಕೇಂದ್ರದ ಬಾಂಡಿಗಿಂತ ಸ್ವಲ್ಪ ಹೆಚ್ಚು. ಅವನ್ನೂ ಇದೇ ಖಾತೆಯಿಂದ ಕೊಳ್ಳಬಹುದು.

ಎಫ್‌ಡಿಗೂ ಇದಕ್ಕೂ ಮೊದಲ ವ್ಯತ್ಯಾಸ: ಸಾಲಗಾರ ಯಾರು

ಎಫ್‌ಡಿ ಎಂದರೆ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕ್ ಅದನ್ನು ಬೇರೆಯವರಿಗೆ ಕೊಡುತ್ತದೆ. ಅವರು ತೀರಿಸದಿದ್ದರೆ ತೊಂದರೆ ಬ್ಯಾಂಕಿಗೆ, ಬ್ಯಾಂಕ್ ಕುಸಿದರೆ ತೊಂದರೆ ನಮಗೆ. ಇದಕ್ಕಾಗಿಯೇ ಠೇವಣಿ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಅದರ ಮಿತಿ 5 ಲಕ್ಷ ರೂಪಾಯಿ. ಈ ಮಿತಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಒಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳ ಉಳಿತಾಯ ಖಾತೆ, ಚಾಲ್ತಿ ಖಾತೆ, ಎಫ್‌ಡಿ ಎಲ್ಲ ಕೂಡಿಸಿ, ಅಸಲು ಮತ್ತು ಬಡ್ಡಿ ಸೇರಿಸಿ 5 ಲಕ್ಷ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಐದೈದು ಲಕ್ಷ ಇಟ್ಟರೆ ಹತ್ತು ಲಕ್ಷಕ್ಕೆ ವಿಮೆ ಸಿಗುವುದಿಲ್ಲ.

ನಮ್ಮ ರಾಜ್ಯದವರಿಗೆ ಇದು ದೂರದ ಮಾತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟವರು ಅದರಲ್ಲಿ ಬಹಳ ಮಂದಿ ಇದ್ದರು. 2021ರಲ್ಲಿ ಕಾನೂನು ತಿದ್ದುಪಡಿಯಾಗಿ, ಇಂಥ ನಿರ್ಬಂಧ ಬಿದ್ದ ಬ್ಯಾಂಕಿನಲ್ಲೂ ವಿಮೆಯ ಹಣ 90 ದಿನಗಳಲ್ಲಿ ಸಿಗುವ ವ್ಯವಸ್ಥೆ ಬಂದಿದೆ. ಆದರೆ ಅದೂ 5 ಲಕ್ಷದವರೆಗೆ ಮಾತ್ರ.

ಇನ್ನೊಂದು ಮಾತು. ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಸಹಕಾರಿ ಬ್ಯಾಂಕುಗಳು ಇದರಲ್ಲಿ ಸೇರಿವೆ. ಊರಿನ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವು ಬ್ಯಾಂಕುಗಳಲ್ಲ. ಅಲ್ಲಿ ಇಟ್ಟ ಠೇವಣಿಗೆ ಈ ವಿಮೆ ಒಂದು ರೂಪಾಯಿಯೂ ಇಲ್ಲ. ಶೇ. 1 ಅಥವಾ 2 ಹೆಚ್ಚು ಬಡ್ಡಿ ಕೊಡುತ್ತಾರೆ ಎಂದು ಅಲ್ಲಿ ಇಡುವವರು ಇದನ್ನು ತಿಳಿದೇ ಇಡಬೇಕು.

ಖಜಾನೆ ಹುಂಡಿ, ಸರ್ಕಾರಿ ಬಾಂಡಿನಲ್ಲಿ ಸಾಲಗಾರ ಸರ್ಕಾರವೇ. ಅಲ್ಲಿ ವಿಮೆ ಎಂಬುದಿಲ್ಲ, 5 ಲಕ್ಷ ಎಂಬ ಗೆರೆಯೂ ಇಲ್ಲ. 50,000 ಇದ್ದರೂ 50 ಲಕ್ಷ ಇದ್ದರೂ ಪೂರ್ತಿ ಹಣಕ್ಕೆ ಸರ್ಕಾರದ ಹೊಣೆ ಒಂದೇ. ಹಣ ನಿಮ್ಮ ಬ್ಯಾಂಕಿನ ಮೂಲಕ ಹೋಗಿ ಬಂದರೂ ಸಾಲಪತ್ರ ಇರುವುದು ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ, ನಿಮ್ಮ ಹೆಸರಿನಲ್ಲಿ. ನಿಮ್ಮ ಬ್ಯಾಂಕಿಗೆ ಏನಾದರೂ ಆ ಸಾಲಪತ್ರಕ್ಕೆ ಧಕ್ಕೆಯಿಲ್ಲ.

ಎರಡನೆಯ ವ್ಯತ್ಯಾಸ: ನಡುವೆ ಹಣ ಬೇಕಾದರೆ

ಎಫ್‌ಡಿಯನ್ನು ನಡುವೆ ಮುರಿಸಬಹುದು. ಬ್ಯಾಂಕ್ ಸ್ವಲ್ಪ ಬಡ್ಡಿ ಕಡಿಮೆ ಮಾಡುತ್ತದೆ, ಅಸಲು ಪೂರ್ತಿ ಬರುತ್ತದೆ. ಮುರಿಸದೆ ಅದರ ಮೇಲೆ ಸಾಲವನ್ನೂ ಅದೇ ದಿನ ತೆಗೆದುಕೊಳ್ಳಬಹುದು.

ಸರ್ಕಾರ ತನ್ನ ಹುಂಡಿಯನ್ನಾಗಲಿ ಬಾಂಡನ್ನಾಗಲಿ ಹಾಗೆ ವಾಪಸು ಪಡೆಯುವುದಿಲ್ಲ. ನಡುವೆ ಹಣ ಬೇಕಾದರೆ ಮಾರುಕಟ್ಟೆಯಲ್ಲಿ ಬೇರೆಯವರಿಗೆ ಮಾರಬೇಕು. ರಿಟೇಲ್ ಡೈರೆಕ್ಟ್ ಜಾಲತಾಣದಲ್ಲಿ ಮಾರುವ ಸೌಲಭ್ಯ ಇದೆ. ಆದರೆ ಸಣ್ಣ ಮೊತ್ತ ಕೊಳ್ಳುವವರು ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಇದ್ದರೂ ಅವರು ಹೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಬೆಲೆ ಅಂದಂದಿನ ಬಡ್ಡಿ ದರದ ಮೇಲೆ ನಿಂತಿರುತ್ತದೆ.

ಇದರ ಬಿಸಿ ಹುಂಡಿಗಿಂತ ಬಾಂಡಿಗೆ ಹೆಚ್ಚು. ಶೇ. 7 ಬಡ್ಡಿಯ ಹತ್ತು ವರ್ಷದ ಬಾಂಡನ್ನು 1 ಲಕ್ಷಕ್ಕೆ ಕೊಂಡಿರಿ ಎಂದುಕೊಳ್ಳೋಣ. ಒಂದು ವರ್ಷದ ನಂತರ ಮಾರುಕಟ್ಟೆಯ ದರ ಶೇ. 8 ಆಯಿತು. ಹೊಸ ಬಾಂಡ್ ಎಂಟು ಕೊಡುವಾಗ ನಿಮ್ಮ ಏಳರ ಬಾಂಡನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 93,670 ರೂಪಾಯಿಗೆ ಇಳಿದಿರುತ್ತದೆ. ಅದೇ ದರ ಶೇ. 6ಕ್ಕೆ ಇಳಿದಿದ್ದರೆ ಬೆಲೆ ಸುಮಾರು 1,06,877. ಸರ್ಕಾರ ಎರಡೂ ಸಂದರ್ಭದಲ್ಲಿ ಮುದ್ದತಿನ ದಿನ 1 ಲಕ್ಷ ಕೊಟ್ಟೇ ಕೊಡುತ್ತದೆ. ನಷ್ಟ ಆಗುವುದು ನಡುವೆ ಮಾರಿದವರಿಗೆ ಮಾತ್ರ.

ಇದು ಬರೀ ಲೆಕ್ಕದ ಮಾತಲ್ಲ. 2022ರ ಏಪ್ರಿಲ್‌ನಲ್ಲಿ ಶೇ. 4 ಇದ್ದ ರಿಸರ್ವ್ ಬ್ಯಾಂಕಿನ ರೆಪೊ ದರ 2023ರ ಫೆಬ್ರವರಿಯ ಹೊತ್ತಿಗೆ ಶೇ. 6.50 ಆಯಿತು. ಅದಕ್ಕೆ ಮುಂಚೆ ದೀರ್ಘ ಬಾಂಡ್ ಕೊಂಡವರು ಆಗ ಮಾರಲು ಹೋಗಿದ್ದರೆ ಕೊಂಡ ಬೆಲೆ ಸಿಗುತ್ತಿರಲಿಲ್ಲ. 91 ದಿನದ ಹುಂಡಿ ಇದ್ದವರಿಗೆ ಮಾತ್ರ ಮೂರು ತಿಂಗಳಿಗೊಮ್ಮೆ ಹಣ ವಾಪಸು ಬಂದು, ಹೊಸ ಹೆಚ್ಚಿನ ದರಕ್ಕೆ ಮತ್ತೆ ಹಾಕುವ ಅವಕಾಶ ಸಿಕ್ಕಿತು.

ಹಾಗಾಗಿ ನಿಯಮ ಒಂದೇ: ಹಣ ಯಾವ ದಿನ ಬೇಕೋ ಆ ದಿನಕ್ಕೆ ಮುಂಚೆ ಮುಗಿಯುವ ಪತ್ರವನ್ನೇ ಕೊಳ್ಳಬೇಕು. ಯಾವ ದಿನ ಬೇಕೆಂದೇ ಗೊತ್ತಿಲ್ಲದ ಹಣ, ಅಂದರೆ ಆಸ್ಪತ್ರೆ, ಆಪತ್ತು ಇವಕ್ಕೆ ಇಟ್ಟ ಹಣ, ಬ್ಯಾಂಕಿನಲ್ಲೇ ಇರಲಿ.

ಮೂರನೆಯ ವ್ಯತ್ಯಾಸ: ದರ

ಸರ್ಕಾರದ್ದು ಎಂದ ಮಾತ್ರಕ್ಕೆ ದರ ಹೆಚ್ಚು ಎಂದು ತಿಳಿಯಬಾರದು. ಒಂದು ವರ್ಷದ ಎಫ್‌ಡಿ ದರ ಎಷ್ಟೋ ಸಲ 364 ದಿನದ ಹುಂಡಿಗಿಂತ ಹೆಚ್ಚೇ ಇರುತ್ತದೆ. ಹಿರಿಯ ನಾಗರಿಕರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತವೆ. ಹುಂಡಿಯಲ್ಲಿ ವಯಸ್ಸಿನ ಲೆಕ್ಕವಿಲ್ಲ.

ಉದಾಹರಣೆಗೆ 364 ದಿನದ ಹುಂಡಿಯ ದರ ಶೇ. 5.60 ಇದ್ದರೆ, 1 ಲಕ್ಷದ ಹುಂಡಿಗೆ 94,711 ರೂಪಾಯಿ ಕೊಡಬೇಕು. ಅದೇ 94,711 ಅನ್ನು ಮೂರು ತಿಂಗಳಿಗೊಮ್ಮೆ ಬಡ್ಡಿ ಕೂಡುವ ಶೇ. 6.50ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ ಸುಮಾರು 1,01,019 ಆಗುತ್ತದೆ. ಎಫ್‌ಡಿ ಸುಮಾರು ಒಂದು ಸಾವಿರ ಹೆಚ್ಚು ಕೊಟ್ಟಿತು. ಒಳ್ಳೆಯ ಬ್ಯಾಂಕಿನಲ್ಲಿ 5 ಲಕ್ಷದ ಒಳಗೆ ಇರುವ ಹಣವಾದರೆ ಎಫ್‌ಡಿಯನ್ನು ಬಿಟ್ಟು ಹುಂಡಿಗೆ ಬರುವ ಕಾರಣವೇ ಇಲ್ಲ. ಹುಂಡಿ ಉಪಯೋಗಕ್ಕೆ ಬರುವುದು ವಿಮೆಯ ಗೆರೆ ದಾಟಿದ ಹಣಕ್ಕೆ, ಮತ್ತು ಎರಡು ಮೂರು ತಿಂಗಳು ಮಾತ್ರ ಖಾಲಿ ಕೂರುವ ವ್ಯಾಪಾರದ ಹಣಕ್ಕೆ. ಬಾಂಡ್ ಉಪಯೋಗಕ್ಕೆ ಬರುವುದು, ಬ್ಯಾಂಕುಗಳು ದರ ನಿಗದಿ ಮಾಡದಷ್ಟು ದೀರ್ಘ ಅವಧಿಗೆ, ಹದಿನೈದು ಇಪ್ಪತ್ತು ವರ್ಷಕ್ಕೆ, ಇಂದಿನ ದರವನ್ನು ಕಟ್ಟಿ ಹಾಕಿಕೊಳ್ಳಬೇಕು ಎನ್ನುವವರಿಗೆ.

ಖಾತೆ ತೆರೆಯುವುದು

ಜಾಲತಾಣದ ವಿಳಾಸ rbiretaildirect.org.in. 2024ರ ಮೇ ತಿಂಗಳಿನಿಂದ ಮೊಬೈಲ್ ಆ್ಯಪ್ ಕೂಡ ಇದೆ. ಬೇಕಾಗುವುದು: ಪ್ಯಾನ್, ಆಧಾರ್‌ನಂಥ ವಿಳಾಸದ ದಾಖಲೆ, ಭಾರತದಲ್ಲಿ ಒಂದು ಉಳಿತಾಯ ಖಾತೆ, ಮೊಬೈಲ್ ಸಂಖ್ಯೆ, ಇ-ಮೇಲ್. ಖಾತೆ ತೆರೆಯಲು, ಇಟ್ಟುಕೊಳ್ಳಲು ಶುಲ್ಕವಿಲ್ಲ. ಒಬ್ಬರ ಹೆಸರಿನಲ್ಲೂ ತೆರೆಯಬಹುದು, ಗಂಡ ಹೆಂಡತಿ ಜಂಟಿಯಾಗಿಯೂ ತೆರೆಯಬಹುದು. ಹೊರದೇಶದಲ್ಲಿರುವ ಮಕ್ಕಳಿಗೂ ವಿದೇಶಿ ವಿನಿಮಯ ಕಾನೂನಿನ ಮಿತಿಯಲ್ಲಿ ಅವಕಾಶವಿದೆ. ಆದರೆ ಇದು ವ್ಯಕ್ತಿಗಳಿಗೆ ಮಾತ್ರ ಇರುವ ಯೋಜನೆ. ಅಂಗಡಿಯ ಫರ್ಮ್ ಹೆಸರಿನಲ್ಲಿ, ಬಸದಿಯ ಟ್ರಸ್ಟ್ ಅಥವಾ ಸಂಘದ ಹೆಸರಿನಲ್ಲಿ ತೆರೆಯಲು ಬರುವುದಿಲ್ಲ. ಟ್ರಸ್ಟಿನ ಹಣವನ್ನು ಯಾರದೋ ಸ್ವಂತ ಖಾತೆಯಿಂದ ಹಾಕುವ ದಾರಿ ಹಿಡಿಯಬೇಡಿ. ಆ ಪತ್ರ ಕಾಗದದ ಮೇಲೆ ಆ ವ್ಯಕ್ತಿಯದ್ದೇ ಆಗುತ್ತದೆ.

ಅರ್ಜಿ ತುಂಬುವಾಗ ಮೊಬೈಲ್‌ಗೂ ಇ-ಮೇಲ್‌ಗೂ ಒಟಿಪಿ ಬರುತ್ತದೆ. ನಂತರ ಗುರುತಿನ ದಾಖಲೆಯ ಪರಿಶೀಲನೆ, ಬ್ಯಾಂಕ್ ಖಾತೆಯ ಪರಿಶೀಲನೆ, ನಾಮಿನಿಯ ವಿವರ. ಎಲ್ಲ ಸರಿಯಿದ್ದರೆ ಗಿಲ್ಟ್ ಖಾತೆಯ ಸಂಖ್ಯೆ ಬರುತ್ತದೆ.

ಅರ್ಜಿ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ನಮ್ಮ ಕಡೆ ಪ್ಯಾನ್‌ನಲ್ಲಿ ತಂದೆಯ ಹೆಸರನ್ನು ಬಿಡಿಸಿ ಬರೆದಿರುತ್ತಾರೆ, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಕೊನೆಗೆ ‘ಜೈನ್’ ಸೇರಿರುತ್ತದೆ ಅಥವಾ ಬಿಟ್ಟುಹೋಗಿರುತ್ತದೆ. ಮೂರೂ ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿ, ಬ್ಯಾಂಕಿನಲ್ಲಿ ಸರಿಪಡಿಸಿಕೊಂಡು ಆಮೇಲೆ ಅರ್ಜಿ ಹಾಕಿದರೆ ಓಡಾಟ ತಪ್ಪುತ್ತದೆ.

ಹರಾಜಿನಲ್ಲಿ ಕೊಳ್ಳುವುದು

ಖಜಾನೆ ಹುಂಡಿಯ ಹರಾಜು ಸಾಮಾನ್ಯವಾಗಿ ಪ್ರತಿ ಬುಧವಾರ. ರಜೆ ಬಿದ್ದರೆ ದಿನ ಬದಲಾಗುತ್ತದೆ. ಹುಂಡಿ ಮರುದಿನ, ಗುರುವಾರ, ಖಾತೆಗೆ ಬರುತ್ತದೆ. ಕೇಂದ್ರದ ಬಾಂಡುಗಳ ಹರಾಜು ಸಾಮಾನ್ಯವಾಗಿ ಶುಕ್ರವಾರ, ರಾಜ್ಯಗಳ ಬಾಂಡುಗಳದ್ದು ಮಂಗಳವಾರ.

ಹರಾಜು ಎಂದ ಕೂಡಲೇ ದರ ಕೂಗಬೇಕೇ ಎಂದು ಹೆದರಬೇಕಿಲ್ಲ. ದರ ಕೂಗುವವರು ದೊಡ್ಡ ಬ್ಯಾಂಕುಗಳು. ನಾವು ಹಾಕುವುದು ದರವಿಲ್ಲದ ಬಿಡ್. ಎಷ್ಟು ಬೇಕು ಎಂದು ಮಾತ್ರ ಹೇಳುತ್ತೇವೆ. ಗೆದ್ದ ದೊಡ್ಡವರ ಬಿಡ್‌ಗಳ ಸರಾಸರಿ ಬೆಲೆ ಎಷ್ಟೋ ಅಷ್ಟಕ್ಕೆ ನಮಗೂ ಸಿಗುತ್ತದೆ. ಎಪಿಎಂಸಿಯಲ್ಲಿ ದೊಡ್ಡ ಖರೀದಿದಾರರು ದರ ಮುರಿದ ಮೇಲೆ ಆ ದಿನದ ಸರಾಸರಿಗೆ ಚೀಲ ತೂಗಿಸಿಕೊಂಡಂತೆ. ಸಣ್ಣವರಿಗೆಂದು ಹರಾಜಿನ ಶೇ. 5ರಷ್ಟು ಭಾಗ ತೆಗೆದಿಟ್ಟಿರುತ್ತಾರೆ. ಅದಕ್ಕಿಂತ ಹೆಚ್ಚು ಬೇಡಿಕೆ ಬಂದರೆ ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ, ಕೇಳಿದ್ದಕ್ಕಿಂತ ಕಡಿಮೆ ಸಿಗಬಹುದು.

ಲಾಗಿನ್ ಆಗಿ, ನಡೆಯಲಿರುವ ಹರಾಜುಗಳ ಪಟ್ಟಿಯಲ್ಲಿ ಬೇಕಾದ ಹುಂಡಿಯನ್ನು ಆರಿಸಿ, ಮೊತ್ತ ಹಾಕಬೇಕು. ಕನಿಷ್ಠ 10,000, ಮೇಲೆ ಹತ್ತು ಹತ್ತು ಸಾವಿರದಲ್ಲಿ. ಬಿಡ್ ಹಾಕಲು ಕೊನೆಯ ಸಮಯ ಅಲ್ಲೇ ತೋರಿಸಿರುತ್ತದೆ. ಅದು ಹರಾಜಿಗೆ ಮುಂಚೆಯೇ ಮುಗಿಯುತ್ತದೆ, ಹಾಗಾಗಿ ಬುಧವಾರ ಬೆಳಿಗ್ಗೆವರೆಗೆ ಕಾಯಬೇಡಿ. ನೆಟ್ ಬ್ಯಾಂಕಿಂಗ್ ಅಥವಾ ಯುಪಿಐ ಮೂಲಕ ಹಣ ಕಟ್ಟಬೇಕು. ಈ ಯೋಜನೆಗೆ ಯುಪಿಐ ಮಿತಿ 5 ಲಕ್ಷ, ಆದರೆ ನಿಮ್ಮ ಬ್ಯಾಂಕ್ ತನ್ನದೇ ಕಡಿಮೆ ಮಿತಿ ಇಟ್ಟಿರಬಹುದು. ಹರಾಜಿನ ಬೆಲೆ ಮುಂಚೆ ಗೊತ್ತಿರದ ಕಾರಣ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹಣ ಹಿಡಿದುಕೊಳ್ಳುತ್ತಾರೆ. ಉಳಿದದ್ದು ನಿಮ್ಮ ಖಾತೆಗೆ ವಾಪಸು ಬರುತ್ತದೆ.

ಬಾಂಡ್ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಹಿಂದೆಯೇ ಹೊರಡಿಸಿದ ಬಾಂಡನ್ನು ಸರ್ಕಾರ ಮತ್ತೆ ಹರಾಜಿಗೆ ಇಡುತ್ತದೆ. ಹಿಂದಿನ ಬಡ್ಡಿ ದಿನದಿಂದ ನೀವು ಕೊಳ್ಳುವ ದಿನದವರೆಗೆ ಕೂಡಿದ ಬಡ್ಡಿಯನ್ನು ಬೆಲೆಯ ಮೇಲೆ ನೀವು ಕೊಡಬೇಕು. ಶೇ. 7ರ ಬಾಂಡನ್ನು ಬಡ್ಡಿ ಕೊಟ್ಟ ಎರಡು ತಿಂಗಳ ನಂತರ ಕೊಂಡರೆ ಲಕ್ಷಕ್ಕೆ 1,167 ರೂಪಾಯಿ ಹೆಚ್ಚು ಹೋಗುತ್ತದೆ. ಇದು ಶುಲ್ಕವಲ್ಲ. ಮುಂದಿನ ಬಡ್ಡಿ ದಿನ ನಿಮಗೆ ಪೂರ್ತಿ ಆರು ತಿಂಗಳ ಬಡ್ಡಿ ಬರುವುದರಲ್ಲಿ ಅದು ಸೇರಿ ವಾಪಸು ಬರುತ್ತದೆ.

ಮುದ್ದತಿನ ದಿನ ಹುಂಡಿಯ ಪೂರ್ತಿ ಹಣ ತಾನಾಗಿಯೇ ನಿಮ್ಮ ಉಳಿತಾಯ ಖಾತೆಗೆ ಬರುತ್ತದೆ. ಎಫ್‌ಡಿಯಂತೆ ತಾನಾಗಿ ನವೀಕರಣ ಆಗುವುದಿಲ್ಲ. ಮರೆತರೆ ಉಳಿತಾಯ ಖಾತೆಯ ಬಡ್ಡಿಗೆ ಕೂರುತ್ತದೆ. ಇದಕ್ಕಾಗಿ 2025ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹುಂಡಿಗಳಿಗೆ ತಾನಾಗಿ ಬಿಡ್ ಹಾಕುವ, ಮುಗಿದದ್ದನ್ನು ಮತ್ತೆ ಹಾಕುವ ಸೌಲಭ್ಯವನ್ನು ಪ್ರಕಟಿಸಿತು. ಬೇಕೆಂದವರು ಅದನ್ನು ಆರಿಸಿಕೊಳ್ಳಬೇಕು.

ಒಂದು ಕುಟುಂಬದ ಲೆಕ್ಕ

ಜವಳಿ ಅಂಗಡಿಯ ಒಂದು ಕುಟುಂಬ ಎಂದುಕೊಳ್ಳಿ. ಒಂದು ಸಹಕಾರಿ ಬ್ಯಾಂಕಿನಲ್ಲಿ ಯಜಮಾನರ ಹೆಸರಿನಲ್ಲಿ 9 ಲಕ್ಷ ಇದೆ. ದೀಪಾವಳಿಗೆ ಮುಂಚೆ ಸೂರತ್ತಿನ ಮಾಲಿಗೆ 2 ಲಕ್ಷ ಕಟ್ಟಬೇಕು, ಅದಕ್ಕೆ ಇನ್ನೂ 15 ವಾರ ಇದೆ. ಮುಂದಿನ ವರ್ಷ ಮಗನ ಕಾಲೇಜಿಗೆ 2.5 ಲಕ್ಷ ಬೇಕು, ಅದಕ್ಕೆ 55 ವಾರ ಇದೆ. ಉಳಿದದ್ದು ಆಪತ್ತಿಗೆ.

ವಿಮೆ ಇರುವುದು ಬಡ್ಡಿ ಸೇರಿ 5 ಲಕ್ಷಕ್ಕೆ. ಆದ್ದರಿಂದ ಬ್ಯಾಂಕಿನಲ್ಲಿ 4.5 ಲಕ್ಷ ಮಾತ್ರ ಬಿಟ್ಟು, ಬಡ್ಡಿ ಕೂಡಿದರೂ ಗೆರೆ ದಾಟದಂತೆ ನೋಡಿಕೊಳ್ಳುತ್ತಾರೆ. ಆಪತ್ತಿನ ಹಣ ಅದೇ. ಉಳಿದ 4.5 ಲಕ್ಷವನ್ನು ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಗೆ ತಂದು, ಆ ಖಾತೆಯನ್ನೇ ರಿಟೇಲ್ ಡೈರೆಕ್ಟ್‌ಗೆ ಜೋಡಿಸುತ್ತಾರೆ.

ಮಾಲಿನ ಹಣಕ್ಕೆ 2 ಲಕ್ಷದ 91 ದಿನದ ಹುಂಡಿ. ಮೇಲಿನ ಉದಾಹರಣೆಯ ಶೇ. 5.50ರ ದರಕ್ಕೆ 1,97,295 ರೂಪಾಯಿ ಕೊಡುತ್ತಾರೆ. 13 ವಾರಕ್ಕೆ 2 ಲಕ್ಷ ಬರುತ್ತದೆ, ಕಟ್ಟಲು ಇನ್ನೂ ಎರಡು ವಾರ ಕೈಯಲ್ಲಿರುತ್ತದೆ. ಲಾಭ 2,705 ರೂಪಾಯಿ. ಕಾಲೇಜಿನ ಹಣಕ್ಕೆ 2.5 ಲಕ್ಷದ 364 ದಿನದ ಹುಂಡಿ. ಶೇ. 5.60ಕ್ಕೆ 2,36,777 ಕೊಡುತ್ತಾರೆ. 52 ವಾರಕ್ಕೆ 2.5 ಲಕ್ಷ, ಲಾಭ 13,223. ಎರಡಕ್ಕೂ ಸೇರಿ ಹೋದದ್ದು 4,34,072 ರೂಪಾಯಿ. ಮಿಕ್ಕ 15,928 ಉಳಿತಾಯ ಖಾತೆಯಲ್ಲಿದೆ.

ಇವರು 364 ದಿನದ ಹುಂಡಿಯ ಬದಲು ಹತ್ತು ವರ್ಷದ ಬಾಂಡನ್ನು ಹೆಚ್ಚು ಬಡ್ಡಿ ಎಂದು ಕೊಂಡಿದ್ದರೆ ಏನಾಗುತ್ತಿತ್ತು? ಫೀ ಕಟ್ಟುವ ವಾರ ಅದನ್ನು ಸಿಕ್ಕ ಬೆಲೆಗೆ ಮಾರಬೇಕಾಗುತ್ತಿತ್ತು. ದರ ಒಂದು ಪರ್ಸೆಂಟ್ ಏರಿದ್ದರೆ ವರ್ಷವಿಡೀ ಬಂದ ಬಡ್ಡಿಯ ಬಹುಪಾಲು ಬೆಲೆಯ ಇಳಿತದಲ್ಲಿ ಹೋಗುತ್ತಿತ್ತು.

ತೆರಿಗೆ

ತೆರಿಗೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಫ್‌ಡಿ ಬಡ್ಡಿ, ಬಾಂಡಿನ ಬಡ್ಡಿ, ಮುದ್ದತಿನವರೆಗೆ ಇಟ್ಟ ಹುಂಡಿಯ ಲಾಭ, ಮೂರಕ್ಕೂ ನಿಮ್ಮ ಆದಾಯದ ಸ್ಲ್ಯಾಬ್ ದರದಲ್ಲೇ ತೆರಿಗೆ. ರಿಟರ್ನ್‌ನಲ್ಲಿ ಯಾವ ತಲೆಬರಹದಲ್ಲಿ ತೋರಿಸಬೇಕು ಎಂಬುದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ವ್ಯತ್ಯಾಸ ಇರುವುದು ಟಿಡಿಎಸ್‌ನಲ್ಲಿ. ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟಿದರೆ, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ, ಶೇ. 10 ಹಿಡಿದುಕೊಳ್ಳುತ್ತಾರೆ. 2025ರ ಏಪ್ರಿಲ್‌ನಿಂದ ಈ ಮಿತಿ. ಇಲ್ಲಿ ವಾಸಿಸುವವರಿಗೆ ಖಜಾನೆ ಹುಂಡಿಯಲ್ಲಾಗಲಿ, ಹರಾಜಿನಲ್ಲಿ ಕೊಳ್ಳುವ ಈ ಬಾಂಡುಗಳಲ್ಲಾಗಲಿ ಹಾಗೆ ಹಿಡಿಯುವುದಿಲ್ಲ. ಹಿಡಿಯದಿದ್ದರೆ ತೆರಿಗೆ ಇಲ್ಲ ಎಂದಲ್ಲ, ನಾವೇ ಕಟ್ಟಬೇಕು ಎಂದರ್ಥ. ವರ್ಷದ ತೆರಿಗೆ ಬಾಕಿ 10,000 ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ ಕಟ್ಟಬೇಕು. ವ್ಯಾಪಾರದ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ ಇದರಿಂದ ವಿನಾಯಿತಿ ಇದೆ. ಅರವತ್ತು ದಾಟಿಯೂ ಗಲ್ಲೆಯ ಮೇಲೆ ಕೂರುವವರಿಗೆ ಆ ವಿನಾಯಿತಿ ಇಲ್ಲ.

ನಾಮಿನಿ ಮತ್ತು ಮನೆಯವರಿಗೆ ತಿಳಿಸುವುದು

ಎಫ್‌ಡಿಗೆ ಒಂದು ರಸೀದಿ ಇರುತ್ತದೆ. ಯಜಮಾನರು ತೀರಿಕೊಂಡರೆ ಕಪಾಟಿನಲ್ಲಿ ಅದಾದರೂ ಸಿಗುತ್ತದೆ. ಇಲ್ಲಿ ಕಾಗದವೇ ಇಲ್ಲ. ಎಲ್ಲ ಇರುವುದು ಒಂದು ಲಾಗಿನ್ ಹಿಂದೆ, ಒಟಿಪಿ ಬರುವುದು ಒಬ್ಬರ ಮೊಬೈಲಿಗೆ.

ಹುಂಡಿ ಮುಗಿದಾಗ ಹಣ ಬ್ಯಾಂಕ್ ಖಾತೆಗೆ ಬರುವುದರಿಂದ ಅದು ಹೇಗೋ ಪತ್ತೆಯಾಗಬಹುದು. ಇಪ್ಪತ್ತು ವರ್ಷದ ಬಾಂಡ್ ವಿಷಯ ಹಾಗಲ್ಲ. ಯೋಜನೆಯಲ್ಲಿ ಇಬ್ಬರವರೆಗೆ ನಾಮಿನಿ ಇಡಬಹುದು. ಖಾತೆದಾರರು ತೀರಿಕೊಂಡರೆ ಮರಣ ಪ್ರಮಾಣಪತ್ರ ಮತ್ತು ವರ್ಗಾವಣೆಯ ಅರ್ಜಿ ಕೊಟ್ಟ ಮೇಲೆ ಪತ್ರಗಳು ನಾಮಿನಿಯ ಸರ್ಕಾರಿ ಸಾಲಪತ್ರ ಖಾತೆಗೆ ಹೋಗುತ್ತವೆ. ಅಂದರೆ ನಾಮಿನಿಗೂ ಅಂಥ ಖಾತೆ ಇರಬೇಕು. ಮನೆಯವರಿಗೆ ಒಂದು ಖಾತೆಯನ್ನು ಈಗಲೇ ತೆರೆದಿಟ್ಟರೆ, ಅಥವಾ ಮೊದಲಿನಿಂದಲೇ ಜಂಟಿ ಖಾತೆ ಮಾಡಿದರೆ ಆಗ ಅಲೆದಾಟ ಕಡಿಮೆ.

ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಇದಕ್ಕೆ ಮೀಸಲಿಡಿ. ಗಿಲ್ಟ್ ಖಾತೆಯ ಸಂಖ್ಯೆ, ಜೋಡಿಸಿದ ಬ್ಯಾಂಕ್ ಖಾತೆ, ಯಾವ ಪತ್ರ, ಮುಖಬೆಲೆ ಎಷ್ಟು, ಮುದ್ದತು ಯಾವ ದಿನ, ನಾಮಿನಿ ಯಾರು ಎಂದು ಬರೆದಿಡಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ. ರಿಸರ್ವ್ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಹುಂಡಿ ಮುಗಿದಿದೆ, ಹಣ ಹಾಕಲು ಒಟಿಪಿ ಹೇಳಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಮುದ್ದತಿನ ಹಣ ಕೇಳದೆಯೇ ಬರುತ್ತದೆ, ಅದಕ್ಕೆ ಒಟಿಪಿ ಬೇಕಾಗಿಲ್ಲ.